ಲಾಭ ಇಲ್ಲದಿದ್ರೂ ಟಿಡಿಎಸ್ ಇದೆ!

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಕ್ಕೆ ಆದಾಯ ತೆರಿಗೆ ನೋಟಿಸ್ ಬಂತು. 2023-24ರಲ್ಲಿ ಸೆಕ್ಯುರಿಟಿ ಏಜೆನ್ಸಿಗೂ ಪೇಂಟಿಂಗ್ ಕಾಂಟ್ರಾಕ್ಟರ್‌ಗೂ ಕೊಟ್ಟ ಹಣದಲ್ಲಿ ಟಿಡಿಎಸ್ ಯಾಕೆ ಹಿಡಿದಿಲ್ಲ ಅಂತ ಪ್ರಶ್ನೆ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಉತ್ತರ: "ನಾವೇನು ವ್ಯಾಪಾರ ಮಾಡ್ತೀವಾ? ಲಾಭವೇ ಇಲ್ಲ, ಹಾಗೇ ಬರೆದು ಕಳಿಸಿ."

ಕಮಿಟಿಯಲ್ಲಿ ಉತ್ತರದ ಕರಡು ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಆ ಸಾಲು ಸೇರಿಸಲಿಲ್ಲ. ಟಿಡಿಎಸ್ ನಮ್ಮ ಆದಾಯದ ಮೇಲಿನ ತೆರಿಗೆಯಲ್ಲ. ಹಣ ಪಡೆಯುವವರ ತೆರಿಗೆ. ಕೊಡುವಾಗ ಸ್ವಲ್ಪ ಹಿಡಿದು ಸರ್ಕಾರಕ್ಕೆ ಕಟ್ಟೋದಷ್ಟೇ ನಮ್ಮ ಪಾಲು. 1961ರ ಕಾಯ್ದೆಯ 194ಸಿ ಪ್ರಕಾರ, ಸೊಸೈಟಿ ಕಾಯ್ದೆಯಡಿ ನೋಂದಾಯಿಸಿದ ಸಂಘ ಒಂದೇ ಬಾರಿಗೆ 30,000 ಅಥವಾ ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿ ಕೊಟ್ಟರೆ ಆ ವರ್ಷ ಹಿಡಿಯಲೇಬೇಕಿತ್ತು. ಕಂಪನಿಗೆ ಕೊಟ್ಟರೆ ಶೇ. 2, ವ್ಯಕ್ತಿಗಾದ್ರೆ ಶೇ. 1.

ಹಾಗಾದ್ರೆ ಉಳಿಯೋ ದಾರಿ? ಏಜೆನ್ಸಿ ಆ ಹಣವನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದ್ದರೆ, ಅದೇ ತೆರಿಗೆಯನ್ನು ನಮ್ಮಿಂದ ಮತ್ತೆ ವಸೂಲಿ ಮಾಡೋ ಹಾಗಿಲ್ಲ. ಅದಕ್ಕೆ ಪುರಾವೆ ಫಾರ್ಮ್ 26ಎ. ಸಂಘದ ಟ್ಯಾನ್ ನಂಬರಿನಿಂದ ಟ್ರೇಸಸ್ ತಾಣದಲ್ಲಿ ಅರ್ಜಿ ಹಾಕಬೇಕು; ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಕೊಡಬೇಕು. ಏಜೆನ್ಸಿ ನೀಡಿದ ಬರೀ "ತೆರಿಗೆ ಕಟ್ಟಿದ್ದೇವೆ" ಅನ್ನೋ ಪತ್ರ ಸಾಲದು.

ಕಷ್ಟ ಇದ್ದದ್ದು ಇಲ್ಲೇ. ಆ ಏಜೆನ್ಸಿಯನ್ನು ನಾವು ಬಿಟ್ಟಾಗಿತ್ತು, ಅವರಿಗೆ ನಮಗೆ ಸಹಾಯ ಮಾಡುವ ದರ್ದಿಲ್ಲ. ಅವರ ಆಡಿಟರ್ ಶುಲ್ಕ ನಾವೇ ಕೊಡ್ತೀವಿ, ನಿಮಗೆ ಹೊಸ ತೆರಿಗೆ ಬೀಳೋದಿಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಈಗ ಲೆಕ್ಕ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರಿಂದ ಅದನ್ನು ಬಿಟ್ಟು, ತಿಂಗಳಿಗೆ 1,50,000 ರೂಪಾಯಿ. ಶೇ. 2 ಅಂದರೆ 3,000, ವರ್ಷಕ್ಕೆ 36,000. 26ಎಯಿಂದ ಈ 36,000 ಬಿಟ್ಟುಹೋಯಿತು. ಆದರೆ ಬಡ್ಡಿ ಬಿಡಲ್ಲ: ಹಿಡಿಯಬೇಕಿದ್ದ ದಿನದಿಂದ ಅವರು ರಿಟರ್ನ್ ಸಲ್ಲಿಸಿದ ದಿನದವರೆಗೆ ತಿಂಗಳಿಗೆ ಶೇ. 1. ಅವರು ಸಲ್ಲಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಅರ್ಧ ತಿಂಗಳನ್ನೂ ಪೂರ್ತಿ ಎಂದೇ ಎಣಿಸಿದಾಗ ಏಪ್ರಿಲ್ ಬಿಲ್‌ಗೆ 19 ತಿಂಗಳು, ಮಾರ್ಚ್ ಬಿಲ್‌ಗೆ 8. ಒಟ್ಟು ಬಡ್ಡಿ 4,860.

ಪೇಂಟರ್ ವಿಷಯದಲ್ಲಿ ಈ ದಾರಿ ಮುಚ್ಚಿತ್ತು. 2,40,000 ರೂಪಾಯಿ ಬಿಲ್, ಆದರೆ ಅವರು ರಿಟರ್ನೇ ಹಾಕಿರಲಿಲ್ಲ. ಹಾಗಾಗಿ 2,400 ರೂಪಾಯಿ ಮತ್ತು ಬಡ್ಡಿ ಸಂಘದ ಖಾತೆಯಿಂದಲೇ ಹೋಯಿತು. ಅಂದರೆ ನಮ್ಮೆಲ್ಲರ ಮೇಂಟೆನೆನ್ಸ್ ಹಣ.

ನಮ್ಮ ಉತ್ತರದಲ್ಲಿ ವಾದ ಕಡಿಮೆ ಇತ್ತು: ಬಿಲ್‌ವಾರು ಪಟ್ಟಿ, 26ಎ ಸಲ್ಲಿಸಿದ ದಾಖಲೆ, ಬಡ್ಡಿ ಕಟ್ಟಿದ ಚಲನ್. ನಿಮ್ಮ ಸಂಘದಲ್ಲೂ ಇಂಥ ಪಾವತಿ ಇದ್ದರೆ ಮುಂದಿನ ಮೀಟಿಂಗ್‌ನಲ್ಲಿ ಖಜಾಂಚಿಯನ್ನು ಎರಡೇ ಪ್ರಶ್ನೆ ಕೇಳಿ: ನಮಗೆ ಟ್ಯಾನ್ ಇದೆಯಾ? ಕಾಂಟ್ರಾಕ್ಟರ್‌ಗಳ ಪ್ಯಾನ್ ತಗೊಂಡಿದ್ದೀವಾ?