ಹತ್ತು ವರ್ಷದ ಪಾಸ್‌ಪೋರ್ಟು ಒಂಬತ್ತೂವರೆ ವರ್ಷಕ್ಕೇ ಖಲಾಸ್!

ಕುದೂರು ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ ಇಟ್ಟುಕೊಂಡಿರುವ ಯಜಮಾನರೊಬ್ಬರಿದ್ದಾರೆ. ಹೆಸರು ಬೇಡ. ಬಿಸ್ಕತ್ತಿನ ಏಜೆಂಟು ಹೊಸ ಬಾಕ್ಸ್ ಇಳಿಸಲು ಬಂದರೆ ಮೊದಲು ಅದನ್ನು ತಿರುಗಿಸಿ ತಾರೀಖು ನೋಡುವ ಆಸಾಮಿ. "ಮುಂದಿನ ತಿಂಗ್ಳಿಗೇ ಮುಗೀತದೆ, ಎತ್ಕೊಂಡ್ ಹೋಗಪ್ಪ" ಎಂದು ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ. ಅಂಥವರ ಮನೆಯಲ್ಲೇ ತಾರೀಖಿನ ಎಡವಟ್ಟಾಯಿತು ಅಂದರೆ ನಂಬುತ್ತೀರಾ ಸ್ವಾಮಿ?

ಮಗಳು ದುಬೈನಲ್ಲಿ, ತುಂಬು ಗರ್ಭಿಣಿ. ಬಾಣಂತನ ಮಾಡಲು ಅಮ್ಮ, ಜೊತೆಗೆ ಅಪ್ಪ ಹೊರಡುವುದೆಂದು ತೀರ್ಮಾನವಾಯಿತು. 2024ರ ಅಕ್ಟೋಬರ್ 20ರಂದು ಟಿಕೆಟ್ ತೆಗೆಸಿದರು. ಪ್ರಯಾಣದ ದಿನ 2025ರ ಫೆಬ್ರವರಿ 12. ಟಿಕೆಟ್ ತೆಗೆಸುವಾಗ ಪಾಸ್‌ಪೋರ್ಟ್ ನೋಡಲಿಲ್ಲ ಎಂದಲ್ಲ, ನೋಡಿದರು. ಅಮ್ಮನವರ ಪಾಸ್‌ಪೋರ್ಟ್ ಮುಗಿಯುವುದು 2025ರ ಜುಲೈ 30ಕ್ಕೆ. "ಇನ್ನೂ ಒಂಬತ್ತು ತಿಂಗ್ಳು ಐತಲ್ಲ, ಆರೇ ತಿಂಗ್ಳು ಇದ್ರೆ ಸಾಕಂತೆ" ಎಂದು ಮಡಿಚಿ ಬೀರುವಿನಲ್ಲಿಟ್ಟರು. ಜನವರಿ 20ಕ್ಕೆ ವೀಸಾ ಕೂಡ ಬಂತು. ಆಗಲೂ ಆರು ತಿಂಗಳ ಮೇಲೆ ಹತ್ತು ದಿನ ಉಳಿದಿತ್ತು. ಇನ್ನೇನು ಬೇಕು?

ಸೋಲೂರು, ನೆಲಮಂಗಲ, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋದರು. ನಮ್ಮ ಮಾಗಡಿ ಕೆಂಪೇಗೌಡರ ಹೆಸರನ್ನು 2013ರಲ್ಲಿ ಇಟ್ಟುಕೊಂಡ ನಿಲ್ದಾಣ ಅದು. ಚಕ್ಕುಲಿ, ಕೋಡುಬಳೆ, ಬಾಣಂತಿ ಖಾರದ ಪುಡಿ ತುಂಬಿದ ಪೆಟ್ಟಿಗೆಗಳನ್ನು ತೂಕಕ್ಕೆ ಇಟ್ಟರು. ಕೌಂಟರಿನ ಹುಡುಗಿ ಎರಡೂ ಪಾಸ್‌ಪೋರ್ಟ್ ನೋಡಿ, "ಸರ್, ನಿಮ್ಮದು ಸರಿ ಇದೆ. ಅಮ್ಮನವರದು ಆಗಲ್ಲ" ಎಂದಳು.

ಲೆಕ್ಕ ಇಷ್ಟೇ. ಫೆಬ್ರವರಿ 12ಕ್ಕೆ ಆರು ತಿಂಗಳು ಸೇರಿಸಿದರೆ ಆಗಸ್ಟ್ 12. ಪಾಸ್‌ಪೋರ್ಟ್ ಇರುವುದು ಜುಲೈ 30ರ ತನಕ. ಬರೀ 13 ದಿನ ಕಡಿಮೆ! ಯಜಮಾನರು ಬೇಡಿಕೊಂಡರು, ವೀಸಾ ತೋರಿಸಿದರು, ಮಗಳ ಕೈಲಿ ಫೋನಿನಲ್ಲಿ ಮಾತಾಡಿಸಿದರು. ಉಪಯೋಗವಾಗಲಿಲ್ಲ. ಬೆಳಗಾಗುವ ಹೊತ್ತಿಗೆ ಪೆಟ್ಟಿಗೆ ಸಮೇತ ಇಬ್ಬರೂ ಕುದೂರಿಗೆ ವಾಪಸ್.

ಇದರಲ್ಲಿ ತಪ್ಪು ಯಾರದು? ಕೌಂಟರಿನ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಆರು ತಿಂಗಳ ನಿಯಮ ನಮ್ಮ ಸರ್ಕಾರದ್ದೂ ಅಲ್ಲ, ವಿಮಾನ ಕಂಪನಿಯದ್ದೂ ಅಲ್ಲ, ನಾವು ಹೋಗಿ ಇಳಿಯುವ ದೇಶದ್ದು. ಬಂದವನು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರೂ, ಏನೋ ತೊಡಕಾಗಿ ಉಳಿದುಕೊಂಡರೂ, ವಾಪಸ್ ಕಳಿಸಲು ಅವನ ಕೈಯಲ್ಲಿ ಜೀವಂತ ಪಾಸ್‌ಪೋರ್ಟ್ ಇರಬೇಕು ಎಂಬುದು ಅವರ ಮುಂದಾಲೋಚನೆ. ನಿಯಮ ಮೀರಿ ಕರೆದುಕೊಂಡು ಹೋದರೆ ಆ ದೇಶದವರು ಪ್ರಯಾಣಿಕನನ್ನು ವಿಮಾನ ಕಂಪನಿಯ ತಲೆಗೇ ಕಟ್ಟಿ ವಾಪಸ್ ಅಟ್ಟುತ್ತಾರೆ, ದಂಡವನ್ನೂ ಹಾಕುತ್ತಾರೆ. ಆದ್ದರಿಂದ ಕಂಪನಿಯವರು ಇಲ್ಲೇ ತಡೆಯುತ್ತಾರೆ.

ಯಜಮಾನರ ಎಡವಟ್ಟು ಒಂದೇ. ಆರು ತಿಂಗಳನ್ನು ಅವರು ಟಿಕೆಟ್ ಕೊಂಡ ದಿನದಿಂದ ಎಣಿಸಿದರು. ಎಣಿಸಬೇಕಾದ್ದು ಆ ದೇಶದಲ್ಲಿ ಕಾಲಿಡುವ ದಿನದಿಂದ. ವೀಸಾ ಸಿಕ್ಕ ದಿನಕ್ಕೂ ಇದೇ ಮಾತು. ಅವತ್ತು ಸರಿಯಿದ್ದ ಪಾಸ್‌ಪೋರ್ಟು ಹೊರಡುವ ಹೊತ್ತಿಗೆ ಸವೆದಿರುತ್ತದೆ. ವೀಸಾ ಬಂತು ಅಂದ ಮಾತ್ರಕ್ಕೆ ದಾರಿ ಸಲೀಸು ಎಂದುಕೊಳ್ಳಬೇಡಿ.

ಇದಕ್ಕೆ ನಮ್ಮದೊಂದು ಅಂಗಡಿ ಲೆಕ್ಕ ಉಂಟು. ಪಾಸ್‌ಪೋರ್ಟಿನಲ್ಲಿ ಫೋಟೋ ಇರುವ ಪುಟ ತೆಗೆಯಿರಿ. ಅಲ್ಲಿ ಮುಗಿಯುವ ತಾರೀಖು ಅಚ್ಚಾಗಿರುತ್ತದೆ, ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ಅದರಿಂದ ಆರು ತಿಂಗಳು ಹಿಂದಕ್ಕೆ ಹೋಗಿ. ಜುಲೈ 30 ಇದ್ದರೆ ಜನವರಿ 30. ಇದೇ ಅಸಲಿ ತಾರೀಖು ಎಂದು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಒಳಗಿಡಿ. ಪಾಸ್‌ಪೋರ್ಟಿನ ಮೇಲೆ ಮಾತ್ರ ಗೀಚಬೇಡಿ. ಆ ದಿನ ದಾಟಿದ ಮೇಲೆ ದುಬೈ, ಸಿಂಗಪುರ, ಮಲೇಶಿಯಾ, ಥಾಯ್ಲೆಂಡ್, ಶ್ರೀಲಂಕಾ ಕಡೆಗೆ ಅದು ನಡೆಯುವುದಿಲ್ಲ. ಹತ್ತು ವರ್ಷದ ಪಾಸ್‌ಪೋರ್ಟು ಹೀಗೆ ಒಂಬತ್ತೂವರೆ ವರ್ಷಕ್ಕೇ ಖಲಾಸ್. ಮಕ್ಕಳದ್ದು ಸಾಮಾನ್ಯವಾಗಿ ಐದೇ ವರ್ಷ. ಅಪ್ಪ ಅಮ್ಮಂದು ಸರಿಯಿದೆ ಎಂದು ಮಗುವಿನದ್ದು ನೋಡದೆ ಹೊರಟರೆ ಇದೇ ಕಥೆ.

ಎಲ್ಲ ದೇಶಕ್ಕೂ ಆರು ತಿಂಗಳು ಇಲ್ಲ ಎಂಬುದೂ ನಿಜ. ಜರ್ಮನಿ, ಫ್ರಾನ್ಸ್ ಕಡೆ ಹೋಗುವವರಿಗೆ ಅಲ್ಲಿಂದ ಹೊರಡುವ ದಿನದಿಂದ ಮುಂದಕ್ಕೆ ಮೂರು ತಿಂಗಳು ಇರಬೇಕು. ಅಮೆರಿಕ ಭಾರತದ ಪಾಸ್‌ಪೋರ್ಟಿಗೆ ಆರು ತಿಂಗಳಿನ ರಿಯಾಯಿತಿ ಕೊಟ್ಟಿದೆ. ನೇಪಾಳಕ್ಕೆ ನಮ್ಮ ವೋಟರ್ ಕಾರ್ಡೇ ಸಾಕು. ಹಜ್‌ಗೆ ಹೋಗುವವರಿಗೆ ಯಾವ ದಿನದವರೆಗೆ ಪಾಸ್‌ಪೋರ್ಟ್ ಇರಬೇಕೆಂದು ಹಜ್ ಕಮಿಟಿ ತನ್ನ ಪ್ರಕಟಣೆಯಲ್ಲೇ ತಿಳಿಸುತ್ತದೆ. ಆದರೆ ಒಂದೊಂದು ದೇಶದ ನಿಯಮ ಬಾಯಿಪಾಠ ಮಾಡುವ ಬದಲು, ವಾಪಸ್ ಬರುವ ದಿನಕ್ಕೂ ಆರು ತಿಂಗಳು ಉಳಿದಿರುವಂತೆ ನೋಡಿಕೊಂಡರೆ ನೆಮ್ಮದಿ.

ಕಡಿಮೆ ಬಿದ್ದರೆ ಏನು ಮಾಡಬೇಕು? ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. www.passportindia.gov.in ಎಂಬಲ್ಲಿ ಅರ್ಜಿ ತುಂಬಿ, ದಿನ ಗೊತ್ತು ಮಾಡಿಕೊಂಡು, ಹಳೇ ಪಾಸ್‌ಪೋರ್ಟ್ ಸಮೇತ ಬೆಂಗಳೂರಿನ ಲಾಲ್‌ಬಾಗ್ ಅಥವಾ ಮಾರತ್‌ಹಳ್ಳಿ ಸೇವಾ ಕೇಂದ್ರಕ್ಕೆ ಹೋಗಬೇಕು. ದೊಡ್ಡವರಿಗೆ 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದರೆ 3500. ಕುದೂರು ಬಿಟ್ಟು ಪೀಣ್ಯದ ಕಡೆ ಬಾಡಿಗೆ ಮನೆ ಮಾಡಿದವರು ಈಗಿರುವ ವಿಳಾಸವನ್ನೇ ಬರೆಯಬೇಕು. ಹಳೇ ವಿಳಾಸ ಬರೆದು, ಪೊಲೀಸರು ಬಂದಾಗ ಮನೆಗೆ ಬೀಗ ಕಂಡರೆ ಕಡತ ಅಲ್ಲೇ ಮಲಗುತ್ತದೆ.

ಇನ್ನೊಂದು ಮುಖ್ಯ ವಿಚಾರ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರು ಬರುತ್ತದೆ. ದುಬೈ ವೀಸಾ ಇರುವುದು ಹಳೇ ನಂಬರಿನ ಮೇಲೆ. ಹೀಗಾಗಿ ವೀಸಾ ಮತ್ತೆ ಮಾಡಿಸಬೇಕು, ಇನ್ನೊಂದು ಸಲ ದುಡ್ಡು ಕಟ್ಟಬೇಕು. ಆದ್ದರಿಂದ ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ, ಟಿಕೆಟ್.

ಟಿಕೆಟ್ ಮಾರುವ ಏಜೆಂಟರಿಗೂ ಒಂದು ಮಾತು. ಗಿರಾಕಿಯಿಂದ ದುಡ್ಡು ಎಣಿಸಿಕೊಳ್ಳುವ ಮುಂಚೆ "ಪಾಸ್‌ಪೋರ್ಟ್ ಕೊಡಿ, ತಾರೀಖು ನೋಡೋಣ" ಎಂದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಹೆಸರು, ವಯಸ್ಸು ಕೇಳುತ್ತೀರಿ, ಊಟ ಯಾವುದೆಂದೂ ಕೇಳುತ್ತೀರಿ. ಇದೊಂದನ್ನು ಕೇಳಲು ಏನು ಕಷ್ಟ? ಮಗಳ ಬಾಣಂತನಕ್ಕೆಂದು ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತುವ ತಾಯಿಗೆ ಈ ಲೆಕ್ಕ ಹೇಳಿಕೊಡುವವರು ನೀವಲ್ಲದೆ ಇನ್ಯಾರು?

ನಮ್ಮ ಯಜಮಾನರು ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ, ವೀಸಾ, ಟಿಕೆಟ್ ಎಲ್ಲಾ ಇನ್ನೊಮ್ಮೆ ತೆಗೆದು ದುಬೈ ತಲುಪುವಷ್ಟರಲ್ಲಿ ಮೊಮ್ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನ ಮಗಳಿಗೆ ನೀರು ಹಾಕಿದವರು ಪಕ್ಕದ ಮನೆಯ ಮಲಯಾಳಿ ಹೆಂಗಸು. "ಬಿಸ್ಕತ್ತಿನ ಡೇಟು ನೋಡೋ ನಾನು ಹೆಂಡ್ತಿ ಪಾಸ್‌ಪೋರ್ಟಿನ ಡೇಟು ಸರಿಯಾಗಿ ನೋಡ್ಲಿಲ್ವಲ್ಲಪ್ಪ" ಎಂದು ಈಗಲೂ ಅಂಗಡಿಯಲ್ಲಿ ಕೂತು ಹೇಳುತ್ತಾರೆ.

ಓದುಗರೇ, ಇವತ್ತು ಬಸ್ಸಿಳಿದು ಮನೆಗೆ ಹೋದ ಮೇಲೆ ಬೀರು ತೆಗೆದು ಒಂದು ಸಲ ನೋಡಿಬಿಡಿ.