ಸ್ವಿಚ್ ಆಫ್ ಮಾಡಿದರೂ ಸೋಲಾರ್ ವೈರ್ ಸತ್ತಿರೋದಿಲ್ಲ

‘ಸ್ವಿಚ್ ಆಫ್ ಮಾಡ್ರಿ, ಮುಗೀತು.’ ಸೋಲಾರ್ ಪಂಪ್‌ಸೆಟ್ ಕೂಡಿಸಿ ಹೋಗುವವರು ರೈತರಿಗೆ ಬಹಳ ಸಲ ಹೇಳೋದು ಇಷ್ಟೇ. ಇದು ಅರ್ಧ ಸತ್ಯ. ಈ ಅರ್ಧ ಸತ್ಯವೇ ಜೀವಕ್ಕೆ ಕುತ್ತು ಅನ್ನೋದು ನಮ್ಮ ತಕರಾರು.

ಹೆಸ್ಕಾಂ ಲೈನಿನಲ್ಲಿ ಕರೆಂಟ್ ದೂರದಿಂದ ಬರುತ್ತದೆ. ಟಿ.ಸಿ. ಬಂದ್ ಮಾಡಿದರೆ ಅದರಿಂದ ಬರುವ ವೈರ್ ಸಾಯುತ್ತದೆ. ಸೋಲಾರಿನಲ್ಲಿ ಕರೆಂಟ್ ಹುಟ್ಟುವುದೇ ನಿಮ್ಮ ಹೊಲದ ಪ್ಯಾನೆಲ್‌ನಲ್ಲಿ. ಬೆಳಕು ಬಿದ್ದರೆ ಅದು ಹುಟ್ಟಲೇಬೇಕು, ಪ್ಯಾನೆಲ್‌ಗೆ ಆಫ್ ಬಟನ್ ಇಲ್ಲ. ಐಸೋಲೇಟರ್ ಸ್ವಿಚ್ ತಿರುವಿದರೆ ಅಲ್ಲಿಂದ ಮುಂದಿನ ವೈರ್ ಮಾತ್ರ ಕಡಿಯುತ್ತದೆ. ಪ್ಯಾನೆಲ್‌ನಿಂದ ಸ್ವಿಚ್‌ವರೆಗಿನ ವೈರ್ ಸಂಜೆತನಕ ಜೀವಂತ.

ಚಿಕ್ಕೇರೂರಿನ ಒಂದು ಗೋವಿನಜೋಳದ ಹೊಲವನ್ನೇ ಲೆಕ್ಕಕ್ಕೆ ಹಿಡಿಯೋಣ. 15 ಪ್ಯಾನೆಲ್ ಒಂದಕ್ಕೊಂದು ಸಾಲಾಗಿ ಜೋಡಿಸಿವೆ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ Voc ಎಂದು 45 ವೋಲ್ಟ್ ಬರೆದಿದೆ. 15 ಸಲ 45 ಅಂದರೆ 675 ವೋಲ್ಟ್. ಮನೆಯ ಕರೆಂಟ್ 230. ಇಲಿ ಆ ವೈರ್ ಕಡಿದಿದೆ, ರೈತ ಪಂಪ್ ನಿಲ್ಲಿಸಿ ಟೇಪ್ ಸುತ್ತಲು ಕೂಡುತ್ತಾನೆ. ಮೋಡ ಇದೆ, ಏನೂ ಆಗೋದಿಲ್ಲ ಅಂದುಕೊಳ್ಳುತ್ತಾನೆ. ಮೋಡಕ್ಕೆ ಆಂಪಿಯರ್ ಕಡಿಮೆಯಾಗುತ್ತದೆ, ವೋಲ್ಟ್ ಅಷ್ಟಾಗಿ ಇಳಿಯೋದಿಲ್ಲ. ಟೆಸ್ಟರ್ ಹಿಡಿದರೆ ದೀಪ ಉರಿಯದೇ ಇರಬಹುದು, ಅದನ್ನು ನಂಬಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಕಂಟ್ರೋಲರ್‌ನಲ್ಲಿ ಪಂಪ್ ನಿಲ್ಲಿಸಿ, ಆಮೇಲೆ ಐಸೋಲೇಟರ್ ಆಫ್ ಮಾಡಿ. ಪಂಪ್ ಓಡುವಾಗ ಪ್ಯಾನೆಲ್ ಪ್ಲಗ್ ಎಳೆಯಲೇಬೇಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ಬೇಗ ಆರುತ್ತದೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಉರಿಯುತ್ತಲೇ ಇದ್ದು ಕೈ ಸುಡುತ್ತದೆ. ಕಂಟ್ರೋಲರ್ ಒಳಗೂ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾಯದೆ ಅದನ್ನು ತೆಗೆಯಬಾರದು.

ಪ್ಯಾನೆಲ್ ಕಡೆಯ ವೈರ್ ಕೆಲಸವನ್ನು ಕತ್ತಲಾದ ಮೇಲೆ, ಬಲ್ಲ ಫಿಟ್ಟರ್ ಕೈಲೇ ಮಾಡಿಸಿ. ಹಗಲೇ ಆಗಬೇಕಾದರೆ ಬೆಳಕು ತೂರದ ದಪ್ಪ ತಾಡಪತ್ರಿಯಿಂದ ಎಲ್ಲ ಪ್ಯಾನೆಲ್ ಮುಚ್ಚಬೇಕು, ಒಂದೆರಡು ಮುಚ್ಚಿದರೆ ಸಾಲದು. ಎರಡೂ ಸಲ 1000 ವೋಲ್ಟ್‌ನ ಡಿಸಿ ಮೀಟರ್‌ನಿಂದ ನೋಡಿದ ಮೇಲೆಯೇ ಕೈ ಹಾಕಬೇಕು. ತುಂಡಾದ ವೈರ್ ಹಸಿ ನೆಲದಲ್ಲಿ ಬಿದ್ದಿದ್ದರೆ ದನ, ಮಕ್ಕಳನ್ನು ದೂರ ಇಟ್ಟು ಫಿಟ್ಟರ್‌ನನ್ನು ಕರೆಸಿ.

ನಮ್ಮ ಬೇಡಿಕೆ ಒಂದೇ. ಪಂಪ್ ಒಪ್ಪಿಸುವ ದಿನ ಫಿಟ್ಟರ್ ಬಿಸಿಲಿನಲ್ಲಿ ಐಸೋಲೇಟರ್ ಆಫ್ ಮಾಡಿ, ಎರಡೂ ಕಡೆ ಮೀಟರ್ ಹಿಡಿದು ತೋರಿಸಲಿ. ಒಂದು ಕಡೆ ಮುಳ್ಳು ಬಿದ್ದು, ಪ್ಯಾನೆಲ್ ಕಡೆ ಆರುನೂರರ ಮೇಲೆ ನಿಂತಿದ್ದನ್ನು ಮನೆಯವರೆಲ್ಲ ಕಣ್ಣಾರೆ ನೋಡಲಿ. ‘ಇಲ್ಲಿ ಹಗಲೆಲ್ಲ ಕರೆಂಟ್ ಇದೆ’ ಎಂದು ಕನ್ನಡದಲ್ಲಿ ಬರೆದು ಅಂಟಿಸಲಿ. ಅಲ್ಲಿತನಕ ಸಹಿ ಹಾಕಬೇಡಿ.