ಕೋಳಿಗೆ ‘ಎ’, ಮೊಟ್ಟೆಗೆ ‘ಆ್ಯನ್’

ಮಕ್ಕಳೇ, ಹುಣಸೂರು ಕಡೆಯ ಒಬ್ಬ ಹುಡುಗಿ ‘ಕೋಳಿ ಮೊಟ್ಟೆ ಇಟ್ಟಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: ‘ಆ್ಯನ್ ಹೆನ್ ಲೇಯ್ಡ್ ಎ ಎಗ್.’ ಒಂದೇ ಸಾಲಿಗೆ ಎರಡು ಕೆಂಪು ಗೆರೆ ಬಿದ್ದವು. ಪಾಪ, ಅವಳು ನಿಯಮ ಮರೆತಿರಲಿಲ್ಲ. ಸ್ವರದ ಸದ್ದಿನ ಮುಂದೆ ‘ಆ್ಯನ್’, ವ್ಯಂಜನದ ಸದ್ದಿನ ಮುಂದೆ ‘ಎ’ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ತಪ್ಪಿದ್ದೆಲ್ಲಿ?

ನಾಲಿಗೆಯಲ್ಲಿ! ನಮ್ಮ ಕಡೆ ಮಾತಿನಲ್ಲಿ ‘ಹ’ ಜಾರಿಹೋಗುತ್ತದೆ. ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಹಾಗೆಯೇ ಹೆನ್ ‘ಎನ್’ ಆಯಿತು, ಅದಕ್ಕೆ ‘ಆ್ಯನ್’ ಬಂತು. ಇನ್ನು ‘ಎಲ್ಲಿ’ ಎನ್ನುವಾಗ ‘ಯೆಲ್ಲಿ’ ಎಂದು ಒಂದು ‘ಯ’ ಅಂಟಿಕೊಳ್ಳುತ್ತದಲ್ಲ? ಎಗ್ ‘ಯೆಗ್’ ಆಗಿ ‘ಎ’ ಬಂತು. ಮನೆಯಲ್ಲಿ ಹಾಗೆ ಮಾತಾಡುವುದು ತಪ್ಪಲ್ಲ. ಇಂಗ್ಲಿಷ್ ಬರೆಯುವಾಗ ಮಾತ್ರ ಪದದ ಸರಿಯಾದ ಉಚ್ಚಾರಣೆ ತಿಳಿದು, ಅದನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಮೊದಲ ಅಕ್ಷರ ಅ, ಆ, ಎ, ಒ ಮುಂತಾದ ಸ್ವರವಾದರೆ ‘ಆ್ಯನ್’. ಬೇರೆ ಅಕ್ಷರವಾದರೆ ‘ಎ’. ಹೆನ್ ಎಂಬಲ್ಲಿ ‘ಹೆ’ ಇದೆ: ‘ಎ ಹೆನ್’. ಎಗ್ ಎಂಬಲ್ಲಿ ‘ಎ’ ಇದೆ: ‘ಆ್ಯನ್ ಎಗ್’.

ನೋಡಬೇಕಾದ್ದು ತಕ್ಷಣ ಮುಂದೆ ಬರುವ ಪದವನ್ನು. ಮೊಟ್ಟೆ ದೊಡ್ಡದಾದರೆ ‘ಎ ಬಿಗ್ ಎಗ್’, ಏಕೆಂದರೆ ಈಗ ಮುಂದಿರುವುದು ‘ಬಿ’.

ಸರಿ, ‘ದಿ’ ಯಾವಾಗ? ಕೇಳುವವರಿಗೆ ಅದು ಯಾವ ಕೋಳಿ ಎಂದು ಗೊತ್ತಿದ್ದಾಗ. ಇದಕ್ಕೆ ನಮ್ಮ ಕನ್ನಡದಲ್ಲೇ ಸುಳಿವಿದೆ. ‘ಅಪ್ಪ ಸಂತೇಲಿ ಕೋಳಿ ತಗೊಂಡ್ರು’ ಎಂದರೆ ಯಾವುದೋ ಒಂದು ಕೋಳಿ: ‘ಫಾದರ್ ಬಾಟ್ ಎ ಹೆನ್.’ ‘ಅಪ್ಪ ಕೋಳೀನ ಮಾರಿಬಿಟ್ರು’ ಎಂದರೆ ನಮಗೆ ಗೊತ್ತಿರುವ ಆ ಕೋಳಿ: ‘ಫಾದರ್ ಸೋಲ್ಡ್ ದಿ ಹೆನ್.’ ಕೊನೆಯಲ್ಲಿ ‘-ನ’ ಅಥವಾ ‘-ಅನ್ನು’ ಸೇರಿದರೆ ಸಾಮಾನ್ಯವಾಗಿ ‘ದಿ’ ಹೊಂದುತ್ತದೆ. ಆದರೆ ಕೋಳಿಯೇ ವಾಕ್ಯದ ಕರ್ತೃವಾಗಿದ್ದರೆ ಈ ಸುಳಿವು ಸಿಗುವುದಿಲ್ಲ. ಆಗ ‘ಯಾವ ಕೋಳಿ ಅಂತ ಕೇಳುವವರಿಗೆ ಗೊತ್ತಾ?’ ಎಂದೇ ಕೇಳಿಕೊಳ್ಳಬೇಕು.

ಆ ಹುಡುಗಿಯ ವಾಕ್ಯಕ್ಕೇ ಬನ್ನಿ. ಕೋಳಿಯ ಮಾತು ಮೊದಲ ಸಲ ಬಂದಿದೆ, ಯಾವುದೆಂದು ಓದುವವರಿಗೆ ಗೊತ್ತಿಲ್ಲ. ಆದ್ದರಿಂದ ‘ಎ ಹೆನ್ ಲೇಯ್ಡ್ ಆ್ಯನ್ ಎಗ್.’ ಅದೇ ಮನೆಯಲ್ಲಿ ಇರುವುದೊಂದೇ ಕೋಳಿ, ಅಮ್ಮನಿಗೆ ಹೇಳುತ್ತಿದ್ದಾಳೆ ಎಂದರೆ ‘ದಿ ಹೆನ್ ಲೇಯ್ಡ್ ಆ್ಯನ್ ಎಗ್.’ ಎರಡೂ ಸರಿ, ಸಂದರ್ಭ ಬೇರೆ. ಏನೂ ಹಾಕದೆ ಬರೀ ‘ಹೆನ್ ಲೇಯ್ಡ್ ಎಗ್’ ಎಂದರೆ ಮಾತ್ರ ತಪ್ಪು.

ಈಗ ನಿಮ್ಮ ಸರದಿ. ಬಿಟ್ಟ ಜಾಗ ತುಂಬಿ:

1. ಐ ವೇಟೆಡ್ ಫಾರ್ ___ ಅವರ್. (ಒಂದು ಗಂಟೆ ಕಾದೆ.)
2. ಶಿ ಹ್ಯಾಸ್ ___ ಯೂನಿಫಾರ್ಮ್. (ಅವಳಿಗೆ ಒಂದು ಸಮವಸ್ತ್ರ ಇದೆ.)
3. ವಿ ಲಿವ್ ಇನ್ ___ ಓಲ್ಡ್ ಹೌಸ್. (ನಾವೊಂದು ಹಳೆಯ ಮನೆಯಲ್ಲಿದ್ದೇವೆ.)
4. ಐ ಬಾಟ್ ಎ ಪೆನ್, ಬಟ್ ___ ಪೆನ್ ಲೀಕ್ಸ್. (ಪೆನ್ನು ಕೊಂಡೆ, ಆದರೆ ಅದು ಸೋರುತ್ತದೆ.)

ಉತ್ತರ: 1. ಆ್ಯನ್ (ಬರೆಯುವಾಗ ‘ಎಚ್’ ಇದೆ, ಸದ್ದಿಲ್ಲ). 2. ಎ (ಬರೆಯುವಾಗ ಮೊದಲು ‘ಯು’ ಎಂಬ ಸ್ವರಾಕ್ಷರ, ಆದರೆ ಸದ್ದು ‘ಯೂ’). 3. ಆ್ಯನ್ (ಮುಂದಿನ ಪದ ಓಲ್ಡ್). 4. ದಿ (ಯಾವ ಪೆನ್ನು ಎಂದು ಈಗ ಗೊತ್ತು).